ಇಲ್ಲವೇ ಇಲ್ಲ, ಇಲ್ಲದೇ ಇಲ್ಲ: ಕನ್ನಡದ ಇಮ್ಮಡಿ ನಿಷೇಧದ ಚರಿತ್ರೆ

1. ಎರಡು ಉತ್ತರಗಳು

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ವ್ಯಾಪಾರಕ್ಕೆ ಹೆಸರಾದ ಊರು. ಹಂಗಾಮು ಮುಗಿಯುತ್ತಿರುವಾಗ ಅಲ್ಲಿ ‘ಹಣ್ಣು ಐತಾ?’ ಎಂದು ಕೇಳುವವರಿಗೆ ಎರಡು ಬಗೆಯ ಉತ್ತರ ಸಿಗಬಹುದು. ಒಂದು, ‘ಇಲ್ವೇ ಇಲ್ಲ’. ಇನ್ನೊಂದು, ‘ಇಲ್ದೇ ಇಲ್ಲ’. ಮೊದಲ ಉತ್ತರ ಕೇಳಿದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಎರಡನೆಯದನ್ನು ಕೇಳಿದವರು ನಿಂತು ದರ ವಿಚಾರಿಸುತ್ತಾರೆ. ಬರಹದ ಕನ್ನಡದಲ್ಲಿ ಇವು ‘ಇಲ್ಲವೇ ಇಲ್ಲ’ ಮತ್ತು ‘ಇಲ್ಲದೇ ಇಲ್ಲ’. ಆಡುಮಾತಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಒಂದೇ ಒಂದು ವ್ಯಂಜನ: ಒಂದರಲ್ಲಿ ವಕಾರ, ಇನ್ನೊಂದರಲ್ಲಿ ದಕಾರ. ಅರ್ಥದಲ್ಲಾದರೋ ಒಂದು ನಿಷೇಧವನ್ನು ಗಟ್ಟಿಗೊಳಿಸುತ್ತದೆ, ಇನ್ನೊಂದು ಅದನ್ನು ರದ್ದುಗೊಳಿಸುತ್ತದೆ.

ಎರಡು ನಿಷೇಧಗಳು ಸೇರಿದರೆ ವಿಧಿಯಾಗುತ್ತದೆ ಎಂಬ ಮಾತು ನಮ್ಮ ವ್ಯಾಕರಣ ಪಾಠಗಳಲ್ಲಿ ಎರಡು ದಾರಿಗಳಿಂದ ಬಂದು ನೆಲೆಸಿದೆ. ಸಂಸ್ಕೃತ ಶಾಸ್ತ್ರಪರಂಪರೆಯಲ್ಲಿ, ಎರಡು ನಞ್‌ಗಳು ಮೂಲಾರ್ಥವನ್ನೇ ತಿಳಿಸುತ್ತವೆ ಎಂಬ ನ್ಯಾಯ ಪ್ರಸಿದ್ಧ. ಇಂಗ್ಲಿಷಿನಲ್ಲಿ ಹದಿನೆಂಟನೆಯ ಶತಮಾನದ ವ್ಯಾಕರಣಕಾರರು, ಅವರಲ್ಲೂ 1760ರ ದಶಕದಲ್ಲಿ ರಾಬರ್ಟ್ ಲೌತ್, ಎರಡು ನಿಷೇಧಗಳು ಪರಸ್ಪರ ನಾಶಪಡಿಸುತ್ತವೆ ಎಂದು ಬೋಧಿಸಿದರು. ಆ ಬೋಧನೆ ಶಾಲೆಯ ನಿಯಮವಾಯಿತು. ಆದರೆ ಅದಕ್ಕೆ ನಾನೂರು ವರ್ಷಗಳಷ್ಟು ಹಿಂದೆ ಚಾಸರ್ ಬರೆದ ಇಂಗ್ಲಿಷಿನಲ್ಲಿ ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧಪದಗಳು ಬಂದು ಒಂದೇ ನಿಷೇಧವನ್ನು ಹೇಳುತ್ತಿದ್ದವು. ಆ ಬಗೆ ಇಂದಿಗೂ ಇಂಗ್ಲಿಷಿನ ಹಲವು ಉಪಭಾಷೆಗಳಲ್ಲಿ ಜೀವಂತವಾಗಿದೆ.

ಈ ಲೇಖನದಲ್ಲಿ ನಾವು ಕೇಳುವ ಪ್ರಶ್ನೆ ಸೀಮಿತವಾದುದು. ನಿಷೇಧದ ಎರಡು ಗುರುತುಗಳು ಸೇರಿಯೂ ಒಂದೇ ನಿಷೇಧವಾಗಿ ಉಳಿಯುವ ಸಂದರ್ಭ ಕನ್ನಡದಲ್ಲಿ ಇದೆಯೆ? ಇದ್ದರೆ ಎಲ್ಲಿದೆ, ಹೇಗೆ ಬಂತು? ಉತ್ತರವನ್ನು ಸಾಮಾನ್ಯವಾಗಿ ‘ಯಾರೂ ಬರಲಿಲ್ಲ’ ಎಂಬಂಥ ವಾಕ್ಯಗಳಲ್ಲೋ ‘ಇಲ್ಲವೇ ಇಲ್ಲ’ ಎಂಬಲ್ಲೋ ಹುಡುಕುತ್ತಾರೆ. ಅವೆರಡೂ ಆ ಸ್ಥಳವಲ್ಲ. ಅದು ಇರುವುದು ಯಾರೂ ಎಣಿಕೆಗೆ ತೆಗೆದುಕೊಳ್ಳದ ‘ಇಲ್ಲದ’, ‘ಇಲ್ಲದೆ’, ‘ಅಲ್ಲದ’ ಎಂಬ ಪದಗಳ ಒಳಗೆ ಎಂಬುದು ನಮ್ಮ ವಾದ.

2. ‘ಯಾರೂ’ ನಿಷೇಧಪದವಲ್ಲ

ಸ್ಪ್ಯಾನಿಷ್ ಭಾಷೆಯಲ್ಲಿ ‘ಯಾರೂ ಬರಲಿಲ್ಲ’ ಎನ್ನಲು ‘ನೋ ವಿನೋ ನಾದಿಯೆ’ ಎನ್ನುತ್ತಾರೆ. ‘ನೋ’ ಎಂಬುದು ನಿಷೇಧ, ‘ನಾದಿಯೆ’ ಎಂಬುದೂ ನಿಷೇಧ. ಅರ್ಥ ಮಾತ್ರ ಒಂದೇ ನಿಷೇಧದ್ದು. ರಷ್ಯನ್ ಭಾಷೆಯ ‘ನಿಕ್ತೋ ನೆ ಪ್ರಿಷೋಲ್’ ಕೂಡ ಹಾಗೆಯೇ. ಇದನ್ನು ನಿಷೇಧದ ಹೊಂದಾಣಿಕೆ ಎನ್ನೋಣ. ಭಾಷಾರಚನೆಗಳ ವಿಶ್ವ ಭೂಪಟದಲ್ಲಿ ಮಾರ್ಟಿನ್ ಹಾಸ್ಪೆಲ್‌ಮಾತ್ ಪರಿಶೀಲಿಸಿದ 206 ಭಾಷೆಗಳ ಪೈಕಿ 170ರಲ್ಲಿ ‘ಯಾರೂ’, ‘ಏನೂ’ ಎಂಬ ಅರ್ಥದ ಪದಗಳ ಜೊತೆಗೆ ಕ್ರಿಯಾಪದದ ನಿಷೇಧವೂ ಇರಲೇಬೇಕು. ಕ್ರಿಯೆಯ ನಿಷೇಧವಿಲ್ಲದೆ ಆ ಪದವೊಂದೇ ನಿಷೇಧದ ಕೆಲಸ ಮಾಡುವ ಭಾಷೆಗಳು ಅಲ್ಲಿ 11 ಮಾತ್ರ.

ಕ್ರಿಯೆಯ ನಿಷೇಧದೊಡನೆ ಬರುವ ಇಂಥ ಪದಗಳೆಲ್ಲ ಒಂದೇ ಜಾತಿಯವಲ್ಲ. ಸ್ಪ್ಯಾನಿಷಿನಲ್ಲಿ ‘ಯಾರು ಬಂದರು?’ ಎಂಬ ಪ್ರಶ್ನೆಗೆ ‘ನಾದಿಯೆ’ ಎಂಬ ಒಂದೇ ಪದ ಪೂರ್ಣ ಉತ್ತರವಾಗುತ್ತದೆ; ಆ ಪದದಲ್ಲೇ ನಿಷೇಧವಿದೆ. ಕನ್ನಡದಲ್ಲಿ ಅದೇ ಪ್ರಶ್ನೆಗೆ ‘ಯಾರೂ’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಉತ್ತರ ಅರ್ಧಕ್ಕೆ ನಿಂತಂತಾಗುತ್ತದೆ. ‘ಯಾರೂ ಇಲ್ಲ’ ಎಂದೋ ‘ಯಾರೂ ಬರಲಿಲ್ಲ’ ಎಂದೋ ಮುಗಿಸಬೇಕು.

ಇದಕ್ಕೆ ಕಾರಣ ಪದದ ರಚನೆಯಲ್ಲೇ ಇದೆ. ‘ಯಾರೂ’ ಎಂಬುದು ‘ಯಾರು’ ಎಂಬ ಪ್ರಶ್ನಾರ್ಥಕಕ್ಕೆ ‘ಊ’ ಸೇರಿ ಆದದ್ದು. ಅದೇ ‘ಊ’ ಸೇರಿದ ‘ಯಾವಾಗಲೂ’ ಎಂಬುದು ‘ಯಾವಾಗಲೂ ಬರುತ್ತಾನೆ’ ಎಂಬ ವಿಧಿವಾಕ್ಯದಲ್ಲಿ ಸಲೀಸಾಗಿ ಬರುತ್ತದೆ. ‘ಎಲ್ಲೆಲ್ಲೂ’, ‘ಎಂದೆಂದೂ’ ಎಂಬಲ್ಲಿಯೂ ನಿಷೇಧದ ಸುಳಿವಿಲ್ಲ. ಆದ್ದರಿಂದ ‘ಊ’ ಹೇಳುವುದು ಸಮಗ್ರತೆಯನ್ನು. ‘ಯಾರೂ ಬರಲಿಲ್ಲ’ ಎಂಬ ವಾಕ್ಯದಲ್ಲಿ ನಿಷೇಧದ ಗುರುತು ‘ಇಲ್ಲ’ ಒಂದೇ. ‘ಯಾರೂ’ ಆ ನಿಷೇಧವನ್ನು ಬೇಡುತ್ತದೆ, ತಾನು ನಿಷೇಧಿಸುವುದಿಲ್ಲ. ಇಲ್ಲಿ ಎರಡು ನಿಷೇಧಗಳೇ ಇಲ್ಲದಿರುವುದರಿಂದ ಅವು ರದ್ದಾಗುವ ಅಥವಾ ಬಲಗೊಳ್ಳುವ ಪ್ರಶ್ನೆ ಏಳುವುದಿಲ್ಲ.

3. ‘ಇಲ್ಲವೇ ಇಲ್ಲ’ ಒಂದು ಪ್ರತಿ ಮಾತ್ರ

ಈಗ ಚೇಳೂರಿನ ಮೊದಲ ಉತ್ತರಕ್ಕೆ ಬರೋಣ. ‘ಇಲ್ಲವೇ ಇಲ್ಲ’ ಎಂಬಲ್ಲಿ ‘ಇಲ್ಲ’ ಎರಡು ಬಾರಿ ಕೇಳಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಅರ್ಥವೂ ಬಲಗೊಂಡ ನಿಷೇಧವೇ. ಇದು ಬಲವರ್ಧಕವಾದ ಇಮ್ಮಡಿ ನಿಷೇಧದ ಶುದ್ಧ ಉದಾಹರಣೆ ಎಂದು ತೋರಬಹುದು.

ಆದರೆ ಇದರ ಪಕ್ಕದಲ್ಲಿ ‘ಇದ್ದೇ ಇದೆ’, ‘ಬಂದೇ ಬಂದ’, ‘ಬೇಕೇ ಬೇಕು’, ‘ಹೌದೇ ಹೌದು’ ಎಂಬ ಪ್ರಯೋಗಗಳನ್ನು ಇಟ್ಟು ನೋಡಬೇಕು. ಆಖ್ಯಾತವನ್ನು ಒಮ್ಮೆ ಹೇಳಿ, ಅದಕ್ಕೆ ಅವಧಾರಣೆಯ ‘ಏ’ ಸೇರಿಸಿ, ಮತ್ತೆ ಅದನ್ನೇ ಹೇಳುವುದು ಕನ್ನಡದ ಒಂದು ಸಾಮಾನ್ಯ ರಚನೆ. ‘ಬೇಕೇ ಬೇಕು’ ಎಂಬುದಕ್ಕೆ ‘ಬೇಡವೇ ಬೇಡ’ ಜೋಡಿ. ‘ಇದ್ದೇ ಇದೆ’ ಎಂಬುದಕ್ಕೆ ‘ಇಲ್ಲವೇ ಇಲ್ಲ’ ಜೋಡಿ. ‘ಬೇಕೇ ಬೇಕು’ ಎಂದವನಿಗೆ ಎರಡು ಬೇಕುಗಳಿವೆ ಎಂದು ನಾವು ಎಣಿಸುವುದಿಲ್ಲ. ಹಾಗೆಯೇ ‘ಇಲ್ಲವೇ ಇಲ್ಲ’ ಎಂಬಲ್ಲಿ ಎರಡು ನಿಷೇಧಗಳಿಲ್ಲ. ಒಂದು ಆಖ್ಯಾತ ಮತ್ತು ಅದರ ಪ್ರತಿ ಇವೆ. ಆಖ್ಯಾತವೇ ನಿಷೇಧವಾಗಿರುವುದರಿಂದ ಪ್ರತಿಯಲ್ಲೂ ಅದು ಕಾಣಿಸುತ್ತದೆ.

ಸಾಮಾನ್ಯ ಕ್ರಿಯೆಗಳ ನಿಷೇಧದಲ್ಲಿ ಈ ಪ್ರತಿ ಏಳುವುದಿಲ್ಲ ಎಂಬುದು ಇದನ್ನು ದೃಢಪಡಿಸುತ್ತದೆ. ‘ಬರಲಿಲ್ಲ’ ಎಂಬುದನ್ನು ಬಲಗೊಳಿಸಲು ‘ಬರಲೇ ಇಲ್ಲ’ ಎನ್ನುತ್ತೇವೆ. ‘ಬರುವುದಿಲ್ಲ’ ಎಂಬುದನ್ನು ‘ಬರುವುದೇ ಇಲ್ಲ’ ಎನ್ನುತ್ತೇವೆ. ಅಲ್ಲಿ ‘ಏ’ ನಿಲ್ಲಲು ‘ಬರಲು’, ‘ಬರುವುದು’ ಎಂಬ ಆಸರೆಯಿದೆ. ಒಂಟಿಯಾಗಿ ನಿಂತ ‘ಇಲ್ಲ’ಕ್ಕೆ ಅಂಥ ಆಸರೆಯಿಲ್ಲ. ಆದ್ದರಿಂದ ಅದು ತನ್ನನ್ನೇ ಇಮ್ಮಡಿಸಿಕೊಳ್ಳುತ್ತದೆ. ಇಲ್ಲಿನ ಬಲ ‘ಏ’ ಪ್ರತ್ಯಯದ್ದು ಮತ್ತು ಪುನರುಕ್ತಿಯದು.

4. ಕಾಲವಿಲ್ಲದ ನಿಷೇಧದಿಂದ ‘ಇಲ್ಲ’ದವರೆಗೆ

ಎರಡನೆಯ ಉತ್ತರವಾದ ‘ಇಲ್ಲದೇ ಇಲ್ಲ’ವನ್ನು ಬಿಡಿಸಲು ಕನ್ನಡದ ನಿಷೇಧದ ಚರಿತ್ರೆಯೊಳಗೆ ಹೋಗಬೇಕಾಗುತ್ತದೆ.

ಹಳಗನ್ನಡದಲ್ಲಿ ನಿಷೇಧ ಒಂದು ಬೇರೆ ಪದವಾಗಿರಲಿಲ್ಲ. ಅದು ಕ್ರಿಯಾಪದದ ಒಂದು ರೂಪಾವಳಿಯಾಗಿತ್ತು. ‘ಮಾಡಿದೆಂ’ ಎಂಬಲ್ಲಿ ಧಾತು, ಭೂತಕಾಲದ ಪ್ರತ್ಯಯ, ಪುರುಷ ಪ್ರತ್ಯಯಗಳಿವೆ. ‘ಮಾಡುವೆಂ’ ಎಂಬಲ್ಲಿ ಧಾತು, ಭವಿಷ್ಯತ್ತಿನ ಪ್ರತ್ಯಯ, ಪುರುಷ ಪ್ರತ್ಯಯಗಳಿವೆ. ಕಾಲಪ್ರತ್ಯಯವನ್ನು ತೆಗೆದು ಧಾತುವಿಗೆ ನೇರವಾಗಿ ಪುರುಷ ಪ್ರತ್ಯಯವನ್ನು ಹಚ್ಚಿದರೆ ‘ಮಾಡೆಂ’ ಆಗುತ್ತದೆ. ಅರ್ಥ: ನಾನು ಮಾಡಲಿಲ್ಲ, ಮಾಡುವುದಿಲ್ಲ, ಮಾಡಲಾರೆ. ಮಾಡಂ, ಮಾಡಳ್, ಮಾಡದು, ಮಾಡೆವು, ಮಾಡರ್ ಎಂಬಂತೆ ಈ ರೂಪಾವಳಿ ನಡೆಯುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಪರಂಪರೆಯಲ್ಲಿ ಇದಕ್ಕೆ ಪ್ರತಿಷೇಧ ಎಂದು ಹೆಸರು. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿದ ಕಿಟ್ಟೆಲ್ 1903ರ ತಮ್ಮ ವ್ಯಾಕರಣದಲ್ಲಿ ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂಬ ಮೂರೂ ಕನ್ನಡಗಳನ್ನು ಒಟ್ಟಿಗೆ ಇಟ್ಟು ವಿವರಿಸಿದ್ದರಿಂದ, ಈ ರೂಪಾವಳಿಯ ಮುಂದಿನ ಗತಿಯನ್ನು ಹಿಂಬಾಲಿಸುವುದು ಸಾಧ್ಯವಾಗಿದೆ.

‘ಮಾಡೆಂ’ ಎಂಬಲ್ಲಿ ನಿಷೇಧದ ಗುರುತು ಯಾವುದು ಎಂಬುದು ಕಾಲ್ಡ್‌ವೆಲ್‌ನ 1856ರ ತೌಲನಿಕ ವ್ಯಾಕರಣದ ಕಾಲದಿಂದ ನಡೆದು ಬಂದ ಚರ್ಚೆ. ಕಾಲಪ್ರತ್ಯಯದ ಅಭಾವವೇ ನಿಷೇಧ ಎಂಬುದು ಒಂದು ನೋಟ. ಇಲ್ಲಿ ಒಂದು ‘ಅ’ಕಾರ ಇತ್ತು, ಸ್ವರಾದಿಯಾದ ಪುರುಷ ಪ್ರತ್ಯಯದೊಡನೆ ಸೇರಿ ಅದು ಮರೆಯಾಯಿತು ಎಂಬುದು ಇನ್ನೊಂದು. ತೆಲುಗಿನ ‘ಚೆಯ್ಯನು’, ‘ಚೆಯ್ಯವು’ ಎಂಬ ರೂಪಗಳಲ್ಲಿ ಆ ಅಕಾರ ಸ್ಪಷ್ಟವಾಗಿ ಉಳಿದಿದೆ. ಕನ್ನಡದಲ್ಲೂ ‘ಮಾಡದ’, ‘ಮಾಡದೆ’ ಎಂಬ ಕೃದಂತಗಳಲ್ಲಿ ಅದು ಕಾಣುತ್ತದೆ: ಮಾಡ್‌-ಅ-ದ, ಮಾಡ್‌-ಅ-ದೆ. ಎರಡನೆಯ ನೋಟವೇ ಹೆಚ್ಚು ರೂಪಗಳನ್ನು ವಿವರಿಸುತ್ತದೆ ಎಂದು ನಾವು ಭಾವಿಸುತ್ತೇವೆ.

ಈ ರೂಪಾವಳಿಗೆ ಒಂದು ಮಿತಿಯಿತ್ತು. ಅದು ಯಾರು ಎಂಬುದನ್ನು ಹೇಳುತ್ತಿತ್ತು, ಯಾವಾಗ ಎಂಬುದನ್ನು ಹೇಳುತ್ತಿರಲಿಲ್ಲ. ಅದರ ಸ್ಥಾನಕ್ಕೆ ಬಂದದ್ದು ‘ಇಲ್ಲ’. ಮೂಲದಲ್ಲಿ ‘ಇಲ್ಲ’ ಅಸ್ತಿತ್ವದ ನಿಷೇಧ: ಮನೆಯಲ್ಲಿ ಹಣ್ಣಿಲ್ಲ, ಕೆರೆಯಲ್ಲಿ ನೀರಿಲ್ಲ. ಅದು ಕ್ರಮೇಣ ಕ್ರಿಯೆಯ ಭಾವರೂಪಗಳ ಮೇಲೆ ಏರಿತು. ‘ಮಾಡಲು’ ಎಂಬುದರೊಡನೆ ಸೇರಿ ‘ಮಾಡಲಿಲ್ಲ’ ಆಯಿತು, ಭೂತಕ್ಕೆ ನಿಂತಿತು. ‘ಮಾಡುವುದು’ ಎಂಬುದರೊಡನೆ ಸೇರಿ ‘ಮಾಡುವುದಿಲ್ಲ’ ಆಯಿತು, ಭೂತೇತರಕ್ಕೆ ನಿಂತಿತು. ತಮಿಳಿನ ‘ಸೆಯ್ಯವಿಲ್ಲೈ’, ತೆಲುಗಿನ ‘ಚೆಯ್ಯಲೇದು’ ಇದೇ ದಾರಿಯವು. ಅಸ್ತಿತ್ವದ ನಿಷೇಧ ಸಾಮಾನ್ಯ ಕ್ರಿಯೆಯ ನಿಷೇಧವಾಗುವ ಈ ನಡೆಯನ್ನು ವಿಲಿಯಂ ಕ್ರಾಫ್ಟ್ 1991ರಲ್ಲಿ ಅನೇಕ ಭಾಷೆಗಳ ಆಧಾರದ ಮೇಲೆ ಒಂದು ಚಕ್ರವಾಗಿ ವಿವರಿಸಿದರು.

ಇದರಲ್ಲಿ ಲಾಭನಷ್ಟಗಳು ಅದಲುಬದಲಾದವು. ಹಳೆಯ ‘ಮಾಡೆಂ’, ‘ಮಾಡರ್’ ರೂಪಗಳಲ್ಲಿ ಪುರುಷವಚನಗಳಿದ್ದವು, ಕಾಲವಿರಲಿಲ್ಲ. ಹೊಸ ‘ಮಾಡಲಿಲ್ಲ’, ‘ಮಾಡುವುದಿಲ್ಲ’ ರೂಪಗಳಲ್ಲಿ ಕಾಲದ ವ್ಯತ್ಯಾಸವಿದೆ, ಪುರುಷವಚನಗಳಿಲ್ಲ. ನಾನೂ ಮಾಡಲಿಲ್ಲ, ಅವರೂ ಮಾಡಲಿಲ್ಲ. ಆಡುನುಡಿಗಳಲ್ಲಿ ಭಾವರೂಪ ಬೇರೆಬೇರೆಯಾದರೂ ಒಳರಚನೆ ಒಂದೇ. ಹಳೆಯ ಮೈಸೂರು ಸೀಮೆಯ ‘ಬರಾಕಿಲ್ಲ’, ಉತ್ತರ ಕರ್ನಾಟಕದ ‘ಬರಂಗಿಲ್ಲ’, ‘ಬರೋದಿಲ್ಲ’ ಎಂಬುದು ಸವೆದು ಆದ ‘ಬರಲ್ಲ’ ಇವೆಲ್ಲವುಗಳ ಹಿಂದೆಯೂ ‘ಇಲ್ಲ’ವಿದೆ.

ಹಳೆಯ ರೂಪಾವಳಿ ಪೂರ್ತಿ ಸಾಯಲಿಲ್ಲ. ಪ್ರಧಾನ ವಾಕ್ಯದಲ್ಲಿ ಅದು ಕೂಡದು, ಬಾರದು, ಸಲ್ಲದು, ಒಲ್ಲೆ, ಅರಿಯೆ, -ಲಾರೆ ಎಂಬ ಕೆಲವೇ ಪದಗಳಿಗೆ ಸೀಮಿತವಾಯಿತು. ಅಧೀನ ವಾಕ್ಯದಲ್ಲಿ ಮಾತ್ರ ಅದರ ಆಳ್ವಿಕೆ ಇಂದಿಗೂ ಪೂರ್ಣವಾಗಿದೆ: ‘ಮಾಡದ ಕೆಲಸ’, ‘ಮಾಡದೆ ಬಂದ’. ಹೀಗೆ ಕನ್ನಡದಲ್ಲಿ ಎರಡು ಯುಗಗಳ ನಿಷೇಧಗಳು ಒಟ್ಟಿಗೆ ಉಳಿದವು; ಹೊಸದು ಪ್ರಧಾನ ವಾಕ್ಯದಲ್ಲಿ, ಹಳೆಯದು ಅಧೀನ ವಾಕ್ಯದಲ್ಲಿ. ಮುಂದೆ ನೋಡಲಿರುವ ಎಲ್ಲ ಇಮ್ಮಡಿ ನಿಷೇಧಗಳೂ ಈ ಹಂಚಿಕೆಯ ಫಲ.

5. ‘ಇಲ್ಲದ’ ಎಂಬ ಪದದ ಒಳಗೆ

‘ನಿಲ್’ ಎಂಬ ಧಾತುವನ್ನು ತೆಗೆದುಕೊಳ್ಳೋಣ. ಅದರ ನಿಷೇಧ ಕೃದಂತ ‘ನಿಲ್ಲದ’. ‘ನಿಲ್ಲದ ಮಳೆ’ ಎಂದರೆ ನಿಲ್ಲುವ ಗುಣಕ್ಕೆ ವಿರುದ್ಧವಾದುದು. ‘ಗೆಲ್’ ಧಾತುವಿನಿಂದ ‘ಗೆಲ್ಲದ’, ‘ಸಲ್’ ಧಾತುವಿನಿಂದ ‘ಸಲ್ಲದ’. ‘ಒಲವು’, ‘ಒಲಿ’ ಎಂಬ ಪದಗಳಲ್ಲಿ ಕಾಣುವ ‘ಒಲ್’ ಧಾತುವಿನಿಂದ ‘ಒಲ್ಲದ’. ಇಲ್ಲೆಲ್ಲ ಧಾತು ವಿಧಿಯನ್ನು ಹೇಳುತ್ತದೆ, ಪ್ರತ್ಯಯ ಅದನ್ನು ನಿಷೇಧಿಸುತ್ತದೆ. ಹ್ರಸ್ವ ಸ್ವರದ ಏಕಾಕ್ಷರ ಧಾತುವಾದ್ದರಿಂದ ಸ್ವರದ ಮುಂದೆ ಲಕಾರ ದ್ವಿತ್ವ ಪಡೆಯುತ್ತದೆ. ಗಣಿತ ಸರಳವಾಗಿದೆ: ಒಂದು ಗುರುತು, ಒಂದು ನಿಷೇಧ.

ಈಗ ಅದೇ ಅಚ್ಚಿನಲ್ಲಿ ಎರಕಗೊಂಡ ‘ಇಲ್ಲದ’ ಮತ್ತು ‘ಅಲ್ಲದ’ ಪದಗಳನ್ನು ನೋಡಬೇಕು. ‘ಇಲ್’ ಎಂಬ ಧಾತುವಿನ ಅರ್ಥವೇ ಇಲ್ಲದಿರುವುದು. ‘ಅಲ್’ ಎಂಬುದರ ಅರ್ಥ ಹಾಗಲ್ಲದಿರುವುದು. ‘ನಿಲ್ಲದ’ ಎಂಬಲ್ಲಿ ಪ್ರತ್ಯಯ ಮಾಡಿದ ಕೆಲಸವನ್ನೇ ‘ಇಲ್ಲದ’ ಎಂಬಲ್ಲಿಯೂ ಮಾಡಿದ್ದರೆ, ‘ಹಣ್ಣಿಲ್ಲದ ಮರ’ ಎಂದರೆ ಹಣ್ಣಿರುವ ಮರ ಎಂದಾಗಬೇಕಿತ್ತು. ಹಾಗೆ ಅರ್ಥಮಾಡುವ ಕನ್ನಡಿಗರಿಲ್ಲ. ನಿಷೇಧದ ಧಾತು, ಅದರ ಮೇಲೆ ನಿಷೇಧದ ಪ್ರತ್ಯಯ, ಒಟ್ಟು ಅರ್ಥ ಒಂದೇ ನಿಷೇಧ. ಕನ್ನಡದಲ್ಲಿ ಸ್ಪ್ಯಾನಿಷಿಗೆ ಸಮಾನವಾದ ನಿಷೇಧದ ಹೊಂದಾಣಿಕೆಯನ್ನು ಹುಡುಕುವುದಾದರೆ ಅದು ಇಲ್ಲಿದೆ. ಅದು ಸಂಭವಿಸುವುದು ಪದಗಳ ನಡುವೆ ಅಲ್ಲ, ಪದದ ಒಳಗೆ.

ಇದಕ್ಕೆ ಒಂದು ಆಕ್ಷೇಪ ಸಾಧ್ಯ. ‘ಇಲ್’ ಮೂಲದಲ್ಲಿ ನಿಷೇಧವಾಗಿರಲಿಲ್ಲ, ‘ಇರು’ ಎಂಬಂಥ ವಿಧಿಯ ಧಾತುವಾಗಿತ್ತು. ನಿಷೇಧ ಬಂದದ್ದು ಅಕಾರದಿಂದ ಮಾತ್ರ ಎನ್ನಬಹುದು. ಹಾಗಿದ್ದಲ್ಲಿ ‘ಇಲ್ಲದ’ ಎಂಬುದು ‘ನಿಲ್ಲದ’ ಎಂಬುದಕ್ಕೆ ಪೂರ್ತಿ ಸಮಾನವಾಗುತ್ತದೆ, ಇಮ್ಮಡಿಯ ಮಾತೇ ಇಲ್ಲ. ಈ ಆಕ್ಷೇಪವನ್ನು ಪರೀಕ್ಷಿಸುವ ಮಾರ್ಗವೆಂದರೆ, ನಿಷೇಧದ ಅಕಾರ ಸೋಂಕದ ‘ಇಲ್’ ಎಲ್ಲಾದರೂ ಉಂಟೆ, ಇದ್ದರೆ ಅದರ ಅರ್ಥವೇನು ಎಂದು ನೋಡುವುದು. ತಮಿಳಿನ ‘ಇನ್ಮೈ’ ಎಂಬ ಪ್ರಾಚೀನ ಪದ ಇದಕ್ಕೆ ಉತ್ತರ ಕೊಡುತ್ತದೆ. ಅದು ‘ಇಲ್’ ಧಾತುವಿಗೆ ಭಾವನಾಮದ ‘ಮೈ’ ಪ್ರತ್ಯಯ ಸೇರಿ ಆದದ್ದು. ನಡುವೆ ನಿಷೇಧ ಪ್ರತ್ಯಯವಿಲ್ಲ. ಅರ್ಥ ಮಾತ್ರ ಇಲ್ಲದಿರುವಿಕೆ. ಧಾತುವೇ ನಿಷೇಧಾರ್ಥದ್ದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಾಗದು. ಅದೇ ತಮಿಳಿನಲ್ಲಿ ಕೃದಂತಕ್ಕೆ ಬಂದಾಗ ‘ಇಲ್ಲಾದ’ ಎಂದು ನಿಷೇಧ ಪ್ರತ್ಯಯ ಪ್ರತ್ಯಕ್ಷವಾಗುತ್ತದೆ. ತೆಲುಗಿನಲ್ಲಿ ‘ಚೆಯ್ಯನಿ’ ಎಂದರೆ ಮಾಡದ, ‘ಲೇನಿ’ ಎಂದರೆ ಇಲ್ಲದ. ನಿಷೇಧ ಕೃದಂತದ ಅದೇ ‘ನಿ’ ಎರಡರಲ್ಲೂ ಇದೆ. ಆದ್ದರಿಂದ ಈ ಇಮ್ಮಡಿ ಗುರುತು ಕನ್ನಡದೊಂದರ ವಿಚಿತ್ರವಲ್ಲ, ನೆರೆಯ ಸೋದರಭಾಷೆಗಳಿಗೂ ಸಮಾನವಾದುದು.

ಇದು ಹೇಗೆ ಬಂತು? ಯುರೋಪಿನ ಭಾಷೆಗಳಲ್ಲಿ ಇಮ್ಮಡಿ ನಿಷೇಧದ ಮೂಲವನ್ನು ಒಟ್ಟೊ ಯೆಸ್ಪರ್ಸನ್ 1917ರಲ್ಲಿ ದುರ್ಬಲತೆಯಲ್ಲಿ ಕಂಡರು. ಹಳೆಯ ನಿಷೇಧಪದ ಸವೆದು ಕ್ಷೀಣವಾಗುತ್ತದೆ, ಅದಕ್ಕೆ ಊರೆಯಾಗಿ ಇನ್ನೊಂದು ಪದ ಬರುತ್ತದೆ, ಕೊನೆಗೆ ಊರೆಯೇ ನಿಷೇಧವಾಗುತ್ತದೆ. ಫ್ರೆಂಚಿನಲ್ಲಿ ‘ನ’ ಒಂದೇ ಇದ್ದದ್ದು ‘ನ… ಪಾ’ ಆಗಿ, ಆಡುಮಾತಿನಲ್ಲಿ ಈಗ ‘ಪಾ’ ಒಂದೇ ಉಳಿಯುತ್ತಿರುವುದು ಇದರ ಪ್ರಸಿದ್ಧ ಉದಾಹರಣೆ. ‘ಇಲ್ಲದ’ ಎಂಬುದಕ್ಕೆ ಈ ವಿವರಣೆ ಹೊಂದುವುದಿಲ್ಲ. ‘ಇಲ್’ ಸವೆದಿರಲಿಲ್ಲ, ತದ್ವಿರುದ್ಧವಾಗಿ ಅದೇ ಮುಂದೆ ಭಾಷೆಯ ಮುಖ್ಯ ನಿಷೇಧವಾಯಿತು.

ನಮ್ಮ ವಿವರಣೆ ರೂಪಾವಳಿಯ ಕಡೆಗಿದೆ. ‘ಇಲ್’ ಧಾತುವಿಗೆ ‘ಮಾಡಿದ’, ‘ಮಾಡುವ’ ಎಂಬಂಥ ಕಾಲಸಹಿತ ಕೃದಂತಗಳಿಲ್ಲ. ನಾಮಪದವನ್ನು ವಿಶೇಷಿಸಬೇಕಾದಾಗ ಅದಕ್ಕೊಂದು ಕೃದಂತ ಬೇಕೇ ಬೇಕು. ಭಾಷೆಯಲ್ಲಿ ಕಾಲವನ್ನು ಬೇಡದ ಕೃದಂತ ಒಂದೇ ಇತ್ತು, ಅದು ನಿಷೇಧದ್ದು. ಅರ್ಥದಲ್ಲಿ ನಿಷೇಧವಾಗಿದ್ದ ಧಾತು ರೂಪದಲ್ಲೂ ನಿಷೇಧದ ರೂಪಾವಳಿಯನ್ನು ಸೇರಿತು. ಅಲ್ಲಿ ಪ್ರತ್ಯಯ ಹೊಸ ನಿಷೇಧವನ್ನು ತರುವುದಿಲ್ಲ; ಈ ಪದ ನಿಷೇಧದ ವರ್ಗಕ್ಕೆ ಸೇರಿದ್ದೆಂದು ತೋರಿಸುತ್ತದೆ, ‘ಅವಳು ಬಂದಳು’ ಎಂಬಲ್ಲಿ ‘ಅಳು’ ಎರಡನೆಯ ಹೆಂಗಸನ್ನು ತರದೆ ಕರ್ತೃವನ್ನು ಅನುಸರಿಸುವ ಹಾಗೆ. ಸ್ಪ್ಯಾನಿಷಿನಂಥ ಭಾಷೆಗಳ ನಿಷೇಧದ ಹೊಂದಾಣಿಕೆಯನ್ನು ಕರ್ತೃ ಮತ್ತು ಕ್ರಿಯೆಗಳ ಅನ್ವಯದಂತೆಯೇ ಒಂದು ಅನ್ವಯವೆಂದು 2004ರಲ್ಲಿ ಹೆ಼ಡ್ಡೆ ಜ಼ೈಲ್‌ಸ್ಟ್ರಾ ವಾದಿಸಿದರು. ಕನ್ನಡದ ಪದದೊಳಗಿನ ಸಾಕ್ಷ್ಯ ಆ ವಾದಕ್ಕೆ ಬೇರೊಂದು ದಿಕ್ಕಿನಿಂದ ಬೆಂಬಲ ಕೊಡುತ್ತದೆ.

ಇಲ್ಲೊಂದು ಮಿತಿಯನ್ನು ಹೇಳಬೇಕು. ಒಂಟಿಯಾದ ‘ಇಲ್ಲ’ ಎಂಬುದರ ಕೊನೆಯ ಅಕಾರವೂ ನಿಷೇಧದ ಅಕಾರವೆ ಎಂಬುದನ್ನು ಕನ್ನಡದ ರೂಪಗಳಷ್ಟರಿಂದಲೇ ತೀರ್ಮಾನಿಸಲಾಗದು. ‘ನಿಲ್ಲಂ’, ‘ನಿಲ್ಲರ್’ ಎಂಬಂತೆ ಪುರುಷ ಪ್ರತ್ಯಯ ‘ಇಲ್ಲ’ಕ್ಕೆ ಹತ್ತದಿರುವುದರಿಂದ ಹೋಲಿಕೆಗೆ ನೆಲೆ ಸಾಲದು. ನಮ್ಮ ವಾದ ನಿಂತಿರುವುದು ‘ಇಲ್ಲದ’, ‘ಇಲ್ಲದೆ’ ಎಂಬ ಕೃದಂತಗಳ ಮೇಲೆ.

6. ರದ್ದಾಗುವ ನಿಷೇಧ, ಉಳಿಯುವ ಶೇಷ

ಈಗ ‘ಇಲ್ಲದೇ ಇಲ್ಲ’ ಎಂಬುದನ್ನು ಬಿಡಿಸಬಹುದು. ‘ಇಲ್’ ಎಂಬ ಧಾತು ಒಂದು, ಅದರ ಮೇಲಿನ ನಿಷೇಧ ಪ್ರತ್ಯಯ ಎರಡು, ಕೊನೆಯ ‘ಇಲ್ಲ’ ಮೂರು. ಕಣ್ಣಿಗೆ ಕಾಣುವ ಗುರುತುಗಳು ಮೂರು. ಎಣಿಸಿ ರದ್ದುಮಾಡುವ ಶಾಲೆಯ ನಿಯಮದಂತೆ ಮೂರು ನಿಷೇಧಗಳು ಒಂದು ನಿಷೇಧವಾಗಿ ಉಳಿಯಬೇಕಿತ್ತು. ಆದರೆ ಅರ್ಥ ವಿಧಿ: ಇದೆ. ಅದೇ ನಿಯಮದಂತೆ ‘ಇಲ್ಲವೇ ಇಲ್ಲ’ ಎಂಬ ಎರಡು ಗುರುತುಗಳು ವಿಧಿಯಾಗಬೇಕಿತ್ತು, ಆದದ್ದು ನಿಷೇಧ. ಎಣಿಕೆ ಎರಡೂ ಕಡೆ ತಪ್ಪುತ್ತದೆ. ಎಣಿಸಬೇಕಾದದ್ದು ಗುರುತುಗಳನ್ನಲ್ಲ, ಉಪವಾಕ್ಯಗಳನ್ನು. ‘ಇಲ್ಲದೇ’ ಒಂದು ಅಧೀನ ವಾಕ್ಯ, ಎಷ್ಟು ಗುರುತುಗಳಿದ್ದರೂ ಅದರಲ್ಲಿ ನಿಷೇಧ ಒಂದೇ. ‘ಇಲ್ಲ’ ಪ್ರಧಾನ ವಾಕ್ಯ, ಅದರಲ್ಲಿ ಇನ್ನೊಂದು. ಎರಡು ಉಪವಾಕ್ಯಗಳ ಎರಡು ನಿಷೇಧಗಳು ಒಂದರ ಮೇಲೊಂದು ಬಿದ್ದಾಗ ಮಾತ್ರ ರದ್ದಾಗುತ್ತವೆ.

ಈ ಗಡಿಯನ್ನು ತೋರಿಸಲು ಮೂರು ಪರೀಕ್ಷೆಗಳಿವೆ. ಮೊದಲನೆಯದು, ನಡುವೆ ಪದ ಸೇರಿಸುವುದು. ‘ಇಲ್ದೇ ಏನಿಲ್ಲ’ ಎಂದು ಜನ ನಿತ್ಯ ಹೇಳುತ್ತಾರೆ. ‘ಇಲ್ವೇ ಏನಿಲ್ಲ’ ಎಂದು ಆ ಅರ್ಥದಲ್ಲಿ ಯಾರೂ ಹೇಳುವುದಿಲ್ಲ. ಆಖ್ಯಾತ ಮತ್ತು ಅದರ ಪ್ರತಿಯ ನಡುವೆ ಬೇರೆ ಪದಕ್ಕೆ ಜಾಗವಿಲ್ಲ. ಎರಡನೆಯದು, ಮಾತನ್ನು ಮುಂದುವರಿಸುವುದು. ‘ಹಣ್ಣು ಇಲ್ದೇ ಇಲ್ಲ, ಆದ್ರೆ ಕಮ್ಮಿ’ ಎಂಬುದು ಸರಿ. ‘ಹಣ್ಣು ಇಲ್ವೇ ಇಲ್ಲ, ಆದ್ರೆ ಕಮ್ಮಿ’ ಎಂಬುದು ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಮೂರನೆಯದು ‘ಯಾರೂ’ ಎಂಬುದರ ನಡತೆ. ‘ಯಾರೂ ಬರದೇ ಇರಲಿಲ್ಲ’ ಎಂಬ ವಾಕ್ಯಕ್ಕೆ ಎರಡು ಅರ್ಥಗಳು ಸಾಧ್ಯ. ‘ಯಾರೂ’ ಹೊರಗಿನ ನಿಷೇಧಕ್ಕೆ ಸೇರಿದರೆ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ, ಎಲ್ಲರೂ ಬಂದರು ಎಂದಾಗುತ್ತದೆ. ಒಳಗಿನದಕ್ಕೆ ಸೇರಿದರೆ ಯಾರೂ ಬರಲಿಲ್ಲ ಎಂಬುದು ಸುಳ್ಳು, ಕೆಲವರಾದರೂ ಬಂದರು ಎಂದಾಗುತ್ತದೆ. ‘ಯಾರೂ ಇಲ್ಲವೇ ಇಲ್ಲ’ ಎಂಬುದಕ್ಕಾದರೋ ಅರ್ಥ ಒಂದೇ, ಏಕೆಂದರೆ ಅಲ್ಲಿ ‘ಯಾರೂ’ ಸೇರಬಹುದಾದ ನಿಷೇಧವೂ ಒಂದೇ.

ರದ್ದಾದ ಮೇಲೆ ಮೂಲಾರ್ಥವೇ ಉಳಿಯುತ್ತದೆ ಎಂಬ ನ್ಯಾಯ ಕೂಡ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ‘ಅಸಾಮಾನ್ಯವಲ್ಲ’ ಎಂಬಂಥ ಮಾತು ‘ಸಾಮಾನ್ಯ’ ಎಂಬುದಕ್ಕಿಂತ ದುರ್ಬಲ ಎಂದು ಯೆಸ್ಪರ್ಸನ್ ಗಮನಿಸಿದ್ದರು. ಕನ್ನಡದಲ್ಲಿ ಶೇಷ ಎರಡು ದಿಕ್ಕಿಗೂ ಹೋಗುತ್ತದೆ. ‘ಭಯವಿಲ್ಲದೇ ಇಲ್ಲ’ ಎಂದವನಿಗೆ ಸ್ವಲ್ಪ ಭಯವಿದೆ. ‘ಭಯವಿದೆ’ ಎಂದವನಷ್ಟು ಇಲ್ಲ. ‘ಅವನು ಬರದೇ ಇರುವುದಿಲ್ಲ’ ಎಂದವನಾದರೋ ‘ಅವನು ಬರುತ್ತಾನೆ’ ಎಂದವನಿಗಿಂತ ಗಟ್ಟಿಯಾಗಿ ಹೇಳುತ್ತಿದ್ದಾನೆ. ‘ಮಾಡದೆ ಬಿಡುವುದಿಲ್ಲ’ ಎಂಬುದು ಇನ್ನೂ ಗಟ್ಟಿ.

ಈ ವ್ಯತ್ಯಾಸಕ್ಕೆ ಕಾರಣ ಹೊರಗಿನ ನಿಷೇಧ ಯಾವುದನ್ನು ಅಲ್ಲಗಳೆಯುತ್ತದೆ ಎಂಬುದರಲ್ಲಿದೆ. ‘ಇಲ್ಲದೇ ಇಲ್ಲ’ ಎಂಬಲ್ಲಿ ಅಲ್ಲಗಳೆಯುವುದು ಶೂನ್ಯವನ್ನು. ಪರಿಮಾಣದ ಏಣಿಯಲ್ಲಿ ಶೂನ್ಯದ ಮೇಲಿನ ಮೊದಲ ಮೆಟ್ಟಿಲನ್ನಷ್ಟೇ ಅದು ಖಚಿತಪಡಿಸುತ್ತದೆ. ಹೆಚ್ಚಿದ್ದರೆ ‘ಇದೆ’ ಎನ್ನುತ್ತಿದ್ದರು ಎಂದು ಕೇಳುಗರು ಊಹಿಸುತ್ತಾರೆ. ‘ಬರದೇ ಇರುವುದಿಲ್ಲ’ ಎಂಬಲ್ಲಿ ಅಲ್ಲಗಳೆಯುವುದು ಒಂದು ಸಾಧ್ಯತೆಯನ್ನು. ಭೂತೇತರದ ‘-ವುದಿಲ್ಲ’ ಮುಂದಿನ ಸಾಧ್ಯತೆಗಳ ಬಗ್ಗೆ ಮಾತನಾಡುತ್ತದೆ. ಬಾರದಿರುವ ಸಾಧ್ಯತೆಯೇ ಇಲ್ಲವೆಂದರೆ ಬರುವುದು ಅನಿವಾರ್ಯ ಎಂದಾಯಿತು. ಕ್ರಿಯೆಯನ್ನು ಭೂತಕ್ಕೆ ಒಯ್ದು ‘ಬರದೇ ಇರಲಿಲ್ಲ’ ಎಂದರೆ ಈ ಅನಿವಾರ್ಯತೆ ಮಾಯವಾಗುತ್ತದೆ. ಬಂದಿರಲಿಕ್ಕಿಲ್ಲ ಎಂಬ ಎದುರಿನವರ ಎಣಿಕೆಯನ್ನು ತಿದ್ದುವ ಕೆಲಸವಷ್ಟೇ ಉಳಿಯುತ್ತದೆ. ಆದ್ದರಿಂದ ಬಲ ಬಂದದ್ದು ನಿಷೇಧ ಎರಡಾದ್ದರಿಂದಲ್ಲ, ಹೊರಗಿನ ನಿಷೇಧ ಭೂತೇತರವಾದ್ದರಿಂದ.

7. ಟಿಪ್ಪಣಿಸುವವರಿಗೆ

ಹೀಗೆ ಇಮ್ಮಡಿ ನಿಷೇಧ ಎಂಬ ಒಂದೇ ಹೆಸರಿನ ಕೆಳಗೆ ಕನ್ನಡದಲ್ಲಿ ಮೂರು ಬೇರೆ ಸಂಗತಿಗಳಿವೆ: ಆಖ್ಯಾತದ ಪ್ರತಿ, ಪದದೊಳಗಿನ ಅನ್ವಯ, ಎರಡು ಉಪವಾಕ್ಯಗಳ ಎರಡು ನಿಷೇಧ. ಮೊದಲೆರಡರಲ್ಲಿ ಅರ್ಥದ ನಿಷೇಧ ಒಂದೇ, ಮೂರನೆಯದರಲ್ಲಿ ಎರಡು.

ಇವನ್ನು ಬೆರೆಸಿದರೆ ಆಗುವ ತಪ್ಪು ಸೈದ್ಧಾಂತಿಕ ಮಾತ್ರವಲ್ಲ. ಆಡುಮಾತಿನ ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುವಾಗ ನಾವೇ ಮೊದಲು ‘ಇಲ್’, ‘ಅಲ್’, ‘ಬೇಡ’, ‘-ಅದ’, ‘-ಅದೆ’ ಎಲ್ಲದರ ಕೆಳಗೂ ‘ನಿಷೇಧ’ ಎಂಬ ಒಂದೇ ಗುರುತು ಹಾಕುತ್ತಿದ್ದೆವು. ಆ ಟಿಪ್ಪಣಿಯ ಮೇಲೆ ನಡೆಯುವ ಯಾವ ಎಣಿಕೆಯಲ್ಲೂ ‘ಇಲ್ಲದ’ ಎಂಬ ಪ್ರತಿಯೊಂದು ಪದವೂ ಇಮ್ಮಡಿ ನಿಷೇಧವಾಗಿ ಬೀಳುತ್ತದೆ. ಈಗ ನಾವು ಎರಡು ಸಾಲುಗಳನ್ನು ಬಳಸುತ್ತೇವೆ. ಒಂದರಲ್ಲಿ ರೂಪದ ಗುರುತುಗಳು, ಇನ್ನೊಂದರಲ್ಲಿ ಉಪವಾಕ್ಯಕ್ಕೆ ಒಂದರಂತೆ ಅರ್ಥದ ನಿಷೇಧ. ‘ಇಲ್ಲದೇ ಇಲ್ಲ’ ಎಂಬುದರ ಮೊದಲ ಸಾಲಿನಲ್ಲಿ ಮೂರು, ಎರಡನೆಯದರಲ್ಲಿ ಎರಡು. ‘ಇಲ್ಲವೇ ಇಲ್ಲ’ ಎಂಬುದರ ಮೊದಲ ಸಾಲಿನಲ್ಲಿ ಎರಡು, ಎರಡನೆಯದರಲ್ಲಿ ಒಂದು.

ಇದಕ್ಕಿಂತ ಮೊದಲು ಕಿವಿ ಸರಿಯಾಗಿ ಕೇಳಬೇಕು. ವೇಗದ ಮಾತಿನಲ್ಲಿ ‘ಇಲ್ವೇ’ ಮತ್ತು ‘ಇಲ್ದೇ’ ಎಂಬುವುಗಳ ನಡುವಿನ ಅಂತರ ಕೆಲವು ಕ್ಷಣಾಂಶಗಳದ್ದು. ಸಮೀಕ್ಷೆಯ ಉತ್ತರದಲ್ಲಾಗಲಿ ಸಾಕ್ಷಿಯ ಹೇಳಿಕೆಯಲ್ಲಾಗಲಿ ಒಂದನ್ನು ಇನ್ನೊಂದಾಗಿ ಬರೆದರೆ ಇದ್ದದ್ದು ಇಲ್ಲವಾಗುತ್ತದೆ. ಅಂಥಲ್ಲಿ ಮಾತಿನ ಮುಂದಿನ ಭಾಗವನ್ನು ನೋಡುವುದೇ ದಾರಿ. ‘ಆದ್ರೆ’ ಎಂದು ಮಾತು ಮುಂದುವರಿದಿದ್ದು, ಅದು ಕಡಿಮೆಯೆಂದೋ ದುಬಾರಿಯೆಂದೋ ಅದೇ ಹಣ್ಣಿನ ವಿವರಕ್ಕೆ ಇಳಿದಿದ್ದರೆ, ಕೇಳಿಸಿದ್ದು ವಕಾರದಂತಿದ್ದರೂ ಹೇಳಿದ್ದು ದಕಾರವೇ ಆಗಿರಬೇಕು. ಚೇಳೂರಿನ ಸಂತೆಯಲ್ಲಿ ನಿಂತು ದರ ವಿಚಾರಿಸುವವರು ಈ ಪರೀಕ್ಷೆಯನ್ನು ದಿನವೂ ಮಾಡುತ್ತಾರೆ.